ಮಂಜೇಶ ಹೆಂಡತಿಯನ್ನು ಹೊಗಳಲು ಕಲಿತದ್ದು

ದೊಡ್ಡಬಳ್ಳಾಪುರದ ಪೇಟೆ ಬೀದಿಯಲ್ಲಿ ಹನುಮಂತರಾಯಪ್ಪನವರ ಸೀರೆ ಅಂಗಡಿ. ಅಲ್ಲಿ ಮಂಜೇಶ ಸೀರೆ ತೋರಿಸುವವನು. ಒಳಗೆ ಕಾಲಿಟ್ಟ ಹೆಂಗಸು ಬರಿಗೈಲಿ ಹೊರಗೆ ಹೋಗಬಾರದು ಅಂದರೆ ಅವಳನ್ನು ಮಂಜೇಶನ ಮುಂದೆ ಕೂರಿಸಬೇಕು ಅಂತ ಯಜಮಾನರಿಗೆ ಗೊತ್ತಿತ್ತು. ಅವನು ಸೀರೆಯ ಮಡಿಕೆ ಬಿಚ್ಚಿ ತನ್ನ ಹೆಗಲ ಮೇಲೇ ಹಾಕಿಕೊಂಡು, ಸೆರಗನ್ನು ಮೊಣಕೈ ಮೇಲೆ ಇಳಿಬಿಟ್ಟು, ಎದುರಿಗೆ ಕೂತವರನ್ನು ಒಂದು ಗಳಿಗೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ. ಆಮೇಲೆ ಮಾತು ಹೊರಡುತ್ತಿತ್ತು. ಅಕ್ಕನಿಗೆ ಒಂದು, ಅಮ್ಮನಿಗೆ ಒಂದು, ಮದುವೆ ಹುಡುಗಿಗೆ ಒಂದು. ಸುಳ್ಳು ಹೇಳುತ್ತಿದ್ದೇನೆ ಅಂತ ಅವನಿಗೆ ಯಾವತ್ತೂ ಅನಿಸಿರಲಿಲ್ಲ. ಹೇಳುವಷ್ಟು ಹೊತ್ತು ಅದು ಅವನಿಗೂ ನಿಜವೇ.

ತೊಂಬತ್ತೊಂದನೇ ಇಸವಿಯಲ್ಲಿ ಅವನಿಗೆ ಮದುವೆಯಾಯಿತು. ಹುಡುಗಿ ಶಶಿರೇಖಾ, ತ್ಯಾಮಗೊಂಡ್ಲು ಕಡೆಯವಳು. ನೋಡಲು ಚೆನ್ನಾಗಿದ್ದಳು, ಅದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಮದುವೆ ಮನೆಯಲ್ಲಿ ಬಡಿಸಿಕೊಂಡು ಊಟ ಮಾಡಿದವರೆಲ್ಲ ಎಲೆ ಎತ್ತುವ ಮುಂಚೆ ಅದನ್ನೇ ಹೇಳಿ ಹೋದರು. ಮಂಜೇಶನಂತೂ ನೆಲದ ಮೇಲೆ ಕಾಲಿಡುವುದನ್ನೇ ಮರೆತ. ಬೆಳಿಗ್ಗೆ ಅವಳು ಕಾಫಿ ಲೋಟ ಹಿಡಿದು ಬಂದರೆ ಒಂದು ಮಾತು, ತಲೆ ಬಾಚಿಕೊಂಡರೆ ಒಂದು ಮಾತು, ಹೂ ಮುಡಿದರೆ ಎರಡು. ಕಣ್ಣು, ಮೂಗು, ಕೆನ್ನೆ, ಜಡೆ, ಕಾಲ್ಗೆಜ್ಜೆ ಎಲ್ಲದಕ್ಕೂ ಅವನ ಹತ್ತಿರ ಮಾತು ದಾಸ್ತಾನಿತ್ತು. ಶಶಿರೇಖಾ ಮೊದಮೊದಲು ನಾಚಿಕೊಂಡಳು, ಆಮೇಲೆ ನಕ್ಕಳು, ಆಮೇಲಾಮೇಲೆ 'ಹ್ಞೂಂ' ಅಂದು ಲೋಟ ತೆಗೆದುಕೊಂಡು ಒಳಗೆ ಹೋಗತೊಡಗಿದಳು. ಆ 'ಹ್ಞೂಂ' ದಿನೇ ದಿನೇ ಚಿಕ್ಕದಾಗುತ್ತಿದ್ದುದು ಮಂಜೇಶನಿಗೆ ತಿಳಿಯಲಿಲ್ಲ.

ಗೌರಿ ಹಬ್ಬ ಹತ್ತಿರ ಬಂತು. ಸೊಸೆಗೆ ಸೀರೆ ಕೊಡಿಸಬೇಕು ಅಂತ ಮಂಜೇಶನ ತಾಯಿ ಭಾಗ್ಯಮ್ಮ ಅವಳನ್ನು ಅಂಗಡಿಗೇ ಕರೆದುಕೊಂಡು ಬಂದರು. ಹಬ್ಬದ ಜನ, ಕಾಲಿಡಲು ಜಾಗವಿಲ್ಲ. ಅತ್ತೆ ಸೊಸೆ ಇಬ್ಬರೂ ಕಂಬದ ಮರೆಯಲ್ಲಿ ನಿಂತರು. ಮಂಜೇಶ ಅವರನ್ನು ನೋಡಲಿಲ್ಲ. ಅವನ ಎದುರಿಗೆ ಸಾಸಲಿನಿಂದ ಬಂದಿದ್ದ ಪಾಪಮ್ಮ ಕೂತಿದ್ದರು. ಅರವತ್ತು ದಾಟಿದ ಹೆಂಗಸು, ಬಾಯಲ್ಲಿ ಎಲೆ ಅಡಿಕೆ. ಮಂಜೇಶ ಮಾವಿನೆಲೆ ಹಸಿರಿನ ಸೀರೆಯನ್ನು ಅವರ ಹೆಗಲ ಹತ್ತಿರ ಹಿಡಿದು ಕಣ್ಣು ಕಿರಿದು ಮಾಡಿದ.

"ಅಮ್ಮಾ, ಈ ಬಣ್ಣ ನಿಮ್ಮ ಮುಖದ ಪಕ್ಕಕ್ಕೆ ಬಂದ್ರೆ ಸಾಕು, ಮನೇಲಿ ಬೇರೆ ದೀಪ ಹಚ್ಚೋದೇ ಬೇಡ," ಅಂದ.

ಪಾಪಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಕಂಬದ ಮರೆಯಲ್ಲಿ ಇನ್ನೊಬ್ಬರೂ ಸೆರಗು ಅಡ್ಡ ಹಿಡಿದುಕೊಂಡರು. ಯಾಕೆಂದರೆ ಅವತ್ತು ಬೆಳಿಗ್ಗೆ, ಕಾಫಿ ಲೋಟ ಕೊಡುವಾಗ, ಶಶಿರೇಖಾ ಉಟ್ಟಿದ್ದ ಹಸಿರು ಸೀರೆ ನೋಡಿ ಮಂಜೇಶ ಇದೇ ಮಾತನ್ನು, ಇದೇ ದೀಪದ ಸಮೇತ, ಅವಳಿಗೂ ಹೇಳಿದ್ದ.

ಪಾಪಮ್ಮ ಸೀರೆ ಕಟ್ಟಿಸಿಕೊಂಡು ಎದ್ದರು. ಮಂಜೇಶ ತಲೆ ಎತ್ತುವಷ್ಟರಲ್ಲಿ ಆ ಜಾಗದಲ್ಲಿ ತನ್ನ ಹೆಂಡತಿ ಕೂತಿದ್ದಳು. ಕೈ ಮಡಿಲಲ್ಲಿಟ್ಟುಕೊಂಡು, ಗಂಭೀರವಾಗಿ.

"ಅಂಗಡಿಯೋರೇ, ನನ್ ಮುಖಕ್ಕೂ ಒಂದು ದೀಪ ಹಚ್ಚಿ," ಅಂದಳು.

ಪಕ್ಕದ ಗಿರಾಕಿಗಳು ನಕ್ಕರು. ಹನುಮಂತರಾಯಪ್ಪನವರೂ ನಕ್ಕರು. ಭಾಗ್ಯಮ್ಮನವರಿಗೆ ವಿಷಯ ತಿಳಿಯಲಿಲ್ಲ, ಆದರೂ ಮಗನ ಮುಖ ಕೆಂಪಾದದ್ದು ನೋಡಿ ಅವರೂ ನಕ್ಕರು. ಸೀರೆ ವ್ಯಾಪಾರಕ್ಕೆ ನಿಂತಾಗಿನಿಂದ ಮಂಜೇಶನ ನಾಲಿಗೆ ಒಣಗಿದ್ದು ಅದೇ ಮೊದಲು.

ಸಂಜೆ ಅವನು ಮನೆಗೆ ಬಂದಾಗ ಶಶಿರೇಖಾ ಹಿತ್ತಿಲ ಕಟ್ಟೆಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಕಾಯಿ ಸುಲಿಯಲು ಕೈ ಹಾಕಿದ. ಕೋಪದ ಮಾತು ಬರುತ್ತದೆ ಅಂತ ಕಾದ. ಬರಲಿಲ್ಲ.

"ಕೋಪ ಇಲ್ವಾ?"

"ಯಾತಕ್ಕೆ? ಪಾಪಮ್ಮನೋರು ಮನೆಗೆ ಹೋಗೋವರೆಗೂ ನಗ್ತಾ ಹೋಗಿರ್ತಾರೆ. ಒಳ್ಳೇದೇ ಅಲ್ವಾ." ಕಾಳುಗಳನ್ನು ಬಟ್ಟಲಿಗೆ ಹಾಕಿದಳು. "ನೀವು ಹೇಳೋದು ಸುಳ್ಳು ಅಂತ ನಾನು ಅಂತಿಲ್ಲ. ಆದ್ರೆ ಆ ಮಾತು ಯಾರ ಮೇಲೆ ಹೊದಿಸಿದ್ರೂ ಆಗುತ್ತೆ. ಸೀರೆ ಥರ. ನನ್ ಅಳತೆಗೆ ಹೊಲಿದಿದ್ದಲ್ಲ."

ಮಂಜೇಶ ಇನ್ನೊಂದು ಕಾಯಿ ಎತ್ತಿಕೊಂಡ.

"ಇನ್ನೊಂದು. ಈ ಮೂಗು ನಮ್ಮಮ್ಮಂದು. ಕಣ್ಣು ಅಜ್ಜಿದು. ನಾನು ಮಾಡ್ಕೊಂಡಿದ್ದು ಒಂದೂ ಇಲ್ಲ. ಅದನ್ನ ಹೊಗಳಬೇಕು ಅಂದ್ರೆ ತ್ಯಾಮಗೊಂಡ್ಲು ಬಸ್ ಹತ್ತಿ, ಹೋಗಿ ಅವರಿಗೆ ಹೇಳಿ ಬನ್ನಿ. ನಾನು ಮಾಡಿದ್ದು, ನನ್ ತಲೇಲಿ ಹುಟ್ಟಿದ್ದು, ನನ್ ಸ್ವಭಾವ, ಏನಾದ್ರೂ ನಿಮ್ ಕಣ್ಣಿಗೆ ಬಿದ್ದಿದ್ರೆ ಅದನ್ನ ಹೇಳಿ."

ಮಂಜೇಶ ಬಾಯಿ ತೆರೆದ. ಒಂಬತ್ತು ತಿಂಗಳಿಂದ ಒಂದೇ ಮನೆಯಲ್ಲಿದ್ದಾನೆ, ಹಗಲೂ ಸಂಜೆಯೂ ಅವಳನ್ನೇ ನೋಡಿದ್ದಾನೆ. ಆದರೂ ಹುಡುಕಿದರೆ ಕೈಗೆ ಸಿಕ್ಕುವುದು ಬರೀ ಜಡೆ, ಗೆಜ್ಜೆ.

"ಸಾರು," ಅಂದ ಕೊನೆಗೆ. "ಇವತ್ತಿನ ಸಾರು ಬಹಳ ಚೆನ್ನಾಗಿತ್ತು."

"ಅದು ಅತ್ತೆ ಮಾಡಿದ್ದು."

ಇಬ್ಬರೂ ಎಷ್ಟು ನಕ್ಕರೆಂದರೆ ಅಲಸಂದೆಕಾಳಿನ ಬಟ್ಟಲು ಉರುಳಿತು. ಕತ್ತಲಾಗುವ ತನಕ ಕಟ್ಟೆಯ ಕೆಳಗೆ ಕಾಳು ಆರಿಸಿದರು. ನಗುನಗುತ್ತಲೇ ಮಂಜೇಶನಿಗೆ ಒಳಗೆ ಎಲ್ಲೋ ಚುರುಕ್ ಅಂದಿತ್ತು. ಹೊಗಳುವುದೇ ತನ್ನ ಕಸುಬು, ಅದರಲ್ಲೇ ಸೋತೆ ಅಂತ.

ಮಾರನೆಯ ದಿನದಿಂದ ಅವನು ಹಟ ಹಿಡಿದ. ಮುಖದ ಸುದ್ದಿಗೆ ಹೋಗುವುದಿಲ್ಲ, ಕೆಲಸವನ್ನೇ ಹೊಗಳುವುದು. ಬೆಳಿಗ್ಗೆ ಉಪ್ಪಿಟ್ಟು ಬಾಯಿಗಿಟ್ಟು, "ಅಬ್ಬಾ, ಏನು ಹದ, ಏನು ಹದ" ಅಂದ. ಆಮೇಲೆ ತಟ್ಟೆ ಕೆಳಗಿಟ್ಟು, "ಆ ನೀಲಿ ಅಂಗಿ ಸ್ವಲ್ಪ ಇಸ್ತ್ರಿ ಮಾಡ್ಕೊಡ್ತೀಯಾ?" ಅಂದ.

"ಉಪ್ಪಿಟ್ಟಿಗೆ ಹೇಳಿದ್ದೋ, ಇಸ್ತ್ರಿಗೆ ಮುಂಗಡವೋ?" ಅಂದಳು ಶಶಿರೇಖಾ. ಇಸ್ತ್ರಿ ಮಾಡಿಕೊಟ್ಟಳು. ಆದರೆ ಉಪ್ಪಿಟ್ಟಿನ ಮಾತು ಅಲ್ಲಿಗೇ ಸತ್ತಿತು.

ಇನ್ನೊಂದು ದಿನ ಮುದ್ದೆ ಮುರಿಯುತ್ತಾ, "ನಿನ್ ಕೈರುಚಿ ಮುಂದೆ ಅಮ್ಮಂದು ಏನೂ ಇಲ್ಲ ಬಿಡು" ಅಂದ. ಅಮ್ಮ ಬಾಗಿಲ ಆಚೆಗೇ ಇದ್ದರು. ಅವರು ಜಗಳವಾಡುವವರಲ್ಲ. ಒಲೆಯ ಹತ್ತಿರ ಬಂದು, ಸೌಟನ್ನು ಸೊಸೆಯ ಕೈಗೆ ಕೊಟ್ಟು, "ಹಂಗಾದ್ರೆ ಇನ್ಮೇಲೆ ಎರಡು ಹೊತ್ತೂ ನೀನೇ ಮಾಡವ್ವ" ಅಂದು ಎದುರು ಮನೆಯ ಮಾರಕ್ಕನ ಜಗುಲಿಗೆ ಹರಟೆಗೆ ಹೋಗಿಬಿಟ್ಟರು. ಆ ವಾರವೆಲ್ಲ ಶಶಿರೇಖಾ ಒಬ್ಬಳೇ ಅಡುಗೆ ಮಾಡಿದಳು.

"ನನ್ನನ್ನ ಮೇಲಕ್ಕೆ ಎತ್ತೋಕೆ ಇನ್ನೊಬ್ಬರನ್ನ ಕೆಳಗೆ ತಳ್ಳಬೇಡಿ," ಅಂದಳು ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ. "ಅವರ ಪಾಲಿನ ಕೆಲಸವೂ ನನ್ ತಲೆ ಮೇಲೇ ಬೀಳುತ್ತೆ."

ಮತ್ತೊಂದು ಸಲ ರೇಡಿಯೊ ಸುದ್ದಿ ಕೇಳಿ ಅವಳು ಏನೋ ಹೇಳಿದಾಗ ಅವನು ಮೆಚ್ಚಿಕೊಂಡು, "ಹಳ್ಳಿ ಕಡೆಯಿಂದ ಬಂದವಳಾದ್ರೂ ಎಷ್ಟು ಚುರುಕು ನೀನು" ಅಂದ.

"ಆ 'ಆದ್ರೂ' ತೆಗೆದು ಇನ್ನೊಂದ್ಸಲ ಹೇಳಿ."

ತೆಗೆದು ಹೇಳಿದ. ಆದರೆ ಒಮ್ಮೆ ಬಿದ್ದ 'ಆದ್ರೂ' ಪಾಯಸದಲ್ಲಿ ಸಿಕ್ಕ ಕಲ್ಲಿನ ಹಾಗೆ ಬಾಯಲ್ಲೇ ಉಳಿಯಿತು. "ಪ್ರಪಂಚದಲ್ಲೇ ನಿನ್ನಂಥವಳು ಇಲ್ಲ" ಅಂತ ಆಕಾಶಕ್ಕೇ ಏಣಿ ಹಾಕಿ ನೋಡಿದ. "ನೀವು ಪ್ರಪಂಚ ನೋಡಿರೋದು ನೆಲಮಂಗಲದ ತನಕ" ಅಂತ ಅವಳು ಏಣಿ ಕಿತ್ತುಕೊಂಡಳು.

ವಿಚಿತ್ರ ಅಂದರೆ, ಹೀಗೆ ಸೋಲುತ್ತಾ ಹೋದಷ್ಟೂ ಇಬ್ಬರಿಗೂ ಹುಚ್ಚು ಸಂತೋಷ. ಅಂಗಡಿಯಲ್ಲಿ ಸೀರೆ ಮಡಚುವಾಗ ಮಂಜೇಶ ತನ್ನಷ್ಟಕ್ಕೆ ನಗುತ್ತಿದ್ದ. ಸಂಜೆ ಬೀದಿಯ ತಿರುವಿಗೆ ಬರುವಾಗಲೇ ಹೆಜ್ಜೆ ಓಟವಾಗುತ್ತಿತ್ತು. ಇವತ್ತು ಯಾವ ಮಾತಿನಲ್ಲಿ ಸಿಕ್ಕಿಬೀಳುತ್ತೇನೋ ಅಂತ ಅವನಿಗೇ ಕುತೂಹಲ. ಅವಳೂ ಬಾಗಿಲಲ್ಲೇ ಕಾದಿದ್ದು, ಅವನ ಮುಖ ನೋಡಿದ ಕೂಡಲೇ, "ಏನೋ ತಯಾರಿ ಮಾಡ್ಕೊಂಡು ಬಂದಂಗೈತೆ, ಹೇಳಿ" ಅನ್ನುತ್ತಿದ್ದಳು. ಹಾಗೆ ಅಂದ ಮೇಲೆ ತಯಾರಿ ಮಾಡಿದ್ದು ಯಾವುದೂ ಬಾಯಿಗೆ ಬರುತ್ತಿರಲಿಲ್ಲ.

ಕೊನೆಗೆ ಒಂದು ದಿನ ಅವನು ಹೊಗಳುವುದನ್ನೇ ಬಿಟ್ಟ. ಹೇಳಲು ಏನಾದರೂ ಬೇಕಲ್ಲ, ಮೊದಲು ನೋಡೋಣ ಅಂದುಕೊಂಡ. ಅಂಗಡಿಯ ವಾರದ ರಜೆಯ ದಿನ ಸ್ನೇಹಿತರ ಜೊತೆ ಹೊರಗೆ ಹೋಗದೆ ಮನೆಯಲ್ಲೇ ಉಳಿದ.

ಮನೆಯ ಹಿಂದೆ ಅವರ ಶೆಡ್ಡು. ಅದರಲ್ಲಿ ನಾಲ್ಕು ಪವರ್‌ಲೂಮು, ಅಪ್ಪ ಅಪ್ಪಯ್ಯಣ್ಣನವರು ಬೆಳಗಿನಿಂದ ಸಂಜೆವರೆಗೆ ಅವುಗಳ ನಡುವೆ ಓಡಾಡುವವರು. ಮಗ್ಗ ಶುರುವಾದರೆ ಶೆಡ್ಡಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಬೀದಿಯ ಪ್ರತಿ ಮನೆಯಲ್ಲೂ ಮಗ್ಗ, ಆ ಸದ್ದಿನಲ್ಲೇ ಮಕ್ಕಳು ನಿದ್ದೆ ಮಾಡುತ್ತವೆ. ಇಡೀ ಆಯಸ್ಸು ಅದರ ನಡುವೆ ಕಳೆದ ಅಪ್ಪಯ್ಯಣ್ಣನವರಿಗೆ ಕಿವಿ ಮಂದವಾಗಿ ವರ್ಷಗಳಾಗಿದ್ದವು. ಮನೆಯವರು ಮೊದಲು ಕೂಗಿ ಹೇಳುತ್ತಿದ್ದರು. ಕೂಗಿದರೆ ಬೈದ ಹಾಗೆ ಕಾಣುತ್ತಿತ್ತು. ಆಮೇಲೆ ಬೇಕಾದಷ್ಟೇ ಹೇಳತೊಡಗಿದರು. ಊಟಕ್ಕೆ ಕೂತರೆ ಎಲ್ಲರೂ ಮಾತಾಡುವರು, ಅಪ್ಪಯ್ಯಣ್ಣನವರು ಗೋಡೆ ನೋಡುತ್ತಾ ಬೇಗ ಉಂಡು ಏಳುವರು. ಇದು ಮನೆಯಲ್ಲಿ ಯಾರಿಗೂ ಬೇಸರದ ವಿಷಯವಾಗಿಯೇ ಉಳಿದಿರಲಿಲ್ಲ, ಅಷ್ಟು ರೂಢಿಯಾಗಿತ್ತು.

ಅವತ್ತು ಮಧ್ಯಾಹ್ನ ಅಪ್ಪ ಮಗ ಊಟಕ್ಕೆ ಕೂತಿದ್ದರು. ಭಾಗ್ಯಮ್ಮ ಸಾಸಲಿನ ನೆಂಟರ ಸುದ್ದಿ ತೆಗೆದರು. ಅಲ್ಲಿನ ಚಿಕ್ಕಬೀರಪ್ಪ ಹೊಸದಾಗಿ ತಂದ ಎತ್ತು ಬೆಳಗಾಗುವಷ್ಟರಲ್ಲಿ ಹಗ್ಗ ಕಿತ್ತುಕೊಂಡು ಮಾರಿದವರ ಮನೆಗೇ ವಾಪಸ್ಸು ಹೋಗಿ ಗೊಂತಿನಲ್ಲಿ ನಿಂತಿತ್ತಂತೆ. ಮಂಜೇಶ ಜೋರಾಗಿ ನಕ್ಕ. ಅಪ್ಪಯ್ಯಣ್ಣನವರು ಎಲ್ಲರ ಮುಖವನ್ನೂ ನೋಡಿ, ತಡವಾಗಿ, ಸುಮ್ಮನೆ ಒಂದು ನಗು ನಕ್ಕರು.

ಶಶಿರೇಖಾ ಬಡಿಸುತ್ತಿದ್ದಳು. ಮುದ್ದೆಯ ತಟ್ಟೆ ಹಿಡಿದು ಬಂದವಳು ಮಾವನ ಪಕ್ಕದಿಂದ ಬಡಿಸಲಿಲ್ಲ. ಎದುರಿಗೆ ಬಂದಳು. ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕುಕ್ಕುರುಗಾಲಲ್ಲಿ ಕೂತಳು. ನೆಲದ ಮೇಲೆ ಬೆರಳಲ್ಲಿ ಮೆಲ್ಲಗೆ ತಟ್ಟಿದಳು. ಅವರು ತಲೆ ಎತ್ತಿದ ಮೇಲೆ, ಕೂಗದೆ, ತುಟಿ ಬಿಡಿಸಿ ನಿಧಾನವಾಗಿ ಹೇಳಿದಳು.

"ಮಾವ, ಚಿಕ್ಕಬೀರಪ್ಪನ ಹೊಸ ಎತ್ತು." ಎರಡು ಬೆರಳು ನೆಲದ ಮೇಲೆ ನಡೆದು ಹಿಂದಕ್ಕೆ ತಿರುಗಿದವು. "ಮಾರಿದವರ ಮನೆಗೆ ವಾಪಸ್."

ಅಪ್ಪಯ್ಯಣ್ಣನವರ ಮುಖ ಅರಳಿತು. "ಅವನಿಗೆ ಅದೇನು ಹೊಸದಾ," ಅಂದರು. "ಅವನ ಮದುವೆಗೆ ಗಾಣದೋರಿಂದ ತಂದಿದ್ದ ದಿಬ್ಬಣದ ಗಾಡಿ ಎತ್ತುಗಳೂ ಹಿಂಗೇ ಮಾಡಿದ್ವು. ಗಂಡು ಚಪ್ಪರ ಬಿಟ್ಟು ಗಾಣದ ಮನೆ ಮುಂದೆ ಇಳಿದಿದ್ದ." ಹೇಳುತ್ತಾ ಹೇಳುತ್ತಾ ಅವರಿಗೇ ನಗು ತಡೆಯಲಿಲ್ಲ. ಪೇಟ ಕಟ್ಟಿಕೊಂಡ ಮದುಮಗ ಗಾಣದವರ ಮುಂದೆ ನಿಂತದ್ದು, ಅವರು ಎಣ್ಣೆ ಬೇಕಾ ಅಂತ ಕೇಳಿದ್ದು ಎಲ್ಲ ಬಂತು. ಭಾಗ್ಯಮ್ಮ ನಕ್ಕು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಶಶಿರೇಖಾ ಎದ್ದು, ಏನೂ ಆಗದವಳ ಹಾಗೆ ಸಾರಿನ ಪಾತ್ರೆ ತರಲು ಒಳಗೆ ಹೋಗಿದ್ದಳು.

ಮಂಜೇಶನ ಕೈಯಲ್ಲಿ ತುತ್ತು ಹಾಗೇ ನಿಂತಿತು. ಈಚೆಗೆ ಅಪ್ಪ ಊಟದ ಹೊತ್ತಿನಲ್ಲಿ ಮಾತಾಡುತ್ತಿದ್ದುದನ್ನು ಅವನೂ ಗಮನಿಸಿದ್ದ. ಕಿವಿ ತಾನಾಗಿಯೇ ವಾಸಿಯಾಗುತ್ತಿದೆ ಅಂದುಕೊಂಡಿದ್ದ. ಈಗ ಹಿಂದಿನದೆಲ್ಲ ಒಂದೊಂದಾಗಿ ನೆನಪಾಯಿತು. ಅಪ್ಪನ ಹಿಂದಿನಿಂದ ಅವಳು ಎಂದೂ ಕರೆಯುವುದಿಲ್ಲ. ಸುದ್ದಿ ಮುಗಿದ ಮೇಲೆ ಅಪ್ಪನಿಗೆ ಹೇಳುವುದಲ್ಲ, ನಡುವೆಯೇ ದಾರ ಎತ್ತಿ ಕೊಡುತ್ತಾಳೆ, ಮುಂದಿನ ಮಾತು ಅವರದಾಗಲಿ ಅಂತ. ಕೊಟ್ಟು ಅಲ್ಲಿಂದ ಎದ್ದು ಹೋಗುತ್ತಾಳೆ.

ಈ ಮಾತನ್ನು ಹೇಳಲೇಬೇಕು ಅನ್ನಿಸಿತು. ಸಂಜೆಗೆ ಅಂತ ಎತ್ತಿಟ್ಟರೆ ಮತ್ತೆ ತಯಾರಿ ಮಾಡಿದ ಮಾತಾಗಿಬಿಡುತ್ತದೆ. ಕೈ ತೊಳೆದು ಎದ್ದ. ಅಷ್ಟು ಹೊತ್ತಿಗೆ ಅಪ್ಪಯ್ಯಣ್ಣನವರು ಮಗ್ಗ ಹಾಕಿಯಾಗಿತ್ತು. ಶಶಿರೇಖಾ ಶೆಡ್ಡಿನ ಮೂಲೆಯಲ್ಲಿ ರಾಟೆಯ ಮುಂದೆ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಮಂಜೇಶ ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗಿದ. ಕೇಳಲಿಲ್ಲ. ಹತ್ತಿರ ಹೋಗಿ ಕೂಗಿದ. ಅವಳು ಕಿವಿಗೆ ಕೈ ಅಡ್ಡ ಹಿಡಿದು, 'ಏನು' ಅಂತ ಹುಬ್ಬು ಹಾರಿಸಿದಳು. ಮಂಜೇಶ ಉಸಿರು ತುಂಬಿಕೊಂಡು, ಗಂಟಲಿನ ನರ ಉಬ್ಬುವ ಹಾಗೆ ಕೂಗಿದ.

"ನಮ್ಮಪ್ಪ ಊಟಕ್ಕೆ ಕೂತ್ರೆ ಗೋಡೆ ನೋಡ್ತಿದ್ರು. ನೀನು ಎದುರಿಗೆ ಕೂತು..."

ಕರೆಂಟು ಹೋಯಿತು. ನಾಲ್ಕು ಮಗ್ಗವೂ ನಿಂತವು. ಪಕ್ಕದ ಮನೆಯದು, ಎದುರು ಮನೆಯದು, ಇಡೀ ಬೀದಿಯದು ಒಂದೇ ಏಟಿಗೆ ನಿಂತವು. ಆದರೆ ಮಂಜೇಶನ ಗಂಟಲು ಕರೆಂಟಿನ ಮೇಲೆ ಓಡುತ್ತಿರಲಿಲ್ಲ.

"...ಅವರನ್ನ ಮಾತಿಗೆ ಎಳೀತೀಯ, ಅವ್ರು ಈಗ ನಗ್ತಾರೆ, ನಾನು ಮಗನಾಗಿ ಮಾಡ್ಲಿಲ್ಲ, ನೀನು ಮಾಡ್ದೆ!"

ಬೀದಿಯ ತುದಿಯ ತನಕ ಅದು ಕೇಳಿಸಿತು. ಬೇಲಿಯ ಮೇಲಿದ್ದ ಕಾಗೆ ಹಾರಿತು. ಎದುರು ಮನೆಯ ಮಾರಕ್ಕ ಬಾಗಿಲಿಗೆ ಬಂದು ನಿಂತಳು, ಅವಳ ಹಿಂದೆ ಅವಳ ಗಂಡ ಸೊಣ್ಣಪ್ಪ. ಶೆಡ್ಡಿನಲ್ಲಿ ಅಪ್ಪಯ್ಯಣ್ಣನವರು ನಿಂತ ಮಗ್ಗದ ಮೇಲೆ ಕೈಯಿಟ್ಟು ಎಲ್ಲರನ್ನೂ ನೋಡಿದರು.

"ಏನಂತೆ?" ಅಂದರು.

ದಿನವೂ ಅವರಿಗೆ ಹೇಳುವವಳು ಶಶಿರೇಖಾ. ತನ್ನನ್ನೇ ಹೊಗಳಿದ್ದನ್ನು ಅವಳು ಹೇಗೆ ಹೇಳುತ್ತಾಳೆ? ಮುಖ ತಗ್ಗಿಸಿ ಸುಮ್ಮನೆ ರಾಟೆಯನ್ನು ತಿರುಗಿಸುತ್ತಾ ಕೂತಳು. ಭಾಗ್ಯಮ್ಮ ಒಳಗಿನಿಂದ ಬಂದು, ಸೊಸೆ ಮಾಡುವ ಹಾಗೆಯೇ ಗಂಡನ ಎದುರಿಗೆ ನಿಂತು, ತುಟಿ ಬಿಡಿಸಿ ಹೇಳಿದರು. ಅಪ್ಪಯ್ಯಣ್ಣನವರು ಕೇಳಿಸಿಕೊಂಡು ಮಗನ ಕಡೆ ತಿರುಗಿದರು.

"ಅದು ನಂಗೆ ಯಾವತ್ತೋ ಗೊತ್ತು ಕಣಪ್ಪ. ನಿಂಗೆ ಇವತ್ತು ಗೊತ್ತಾಯ್ತಾ?"

ಬೀದಿ ಬೀದಿಯೇ ನಕ್ಕಿತು. ಮಂಜೇಶನೂ ನಕ್ಕ. ಶಶಿರೇಖಾ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. ಸ್ವಲ್ಪ ಹೊತ್ತಾದ ಮೇಲೆ, ಎಲ್ಲರೂ ಚದುರಿದ ಮೇಲೆ, ಮೆಲ್ಲಗೆ ಅಂದಳು.

"ನಮ್ಮಜ್ಜಿಗೂ ಕಿವಿ ಕೇಳ್ತಿರಲಿಲ್ಲ. ಮನೇಲಿ ಎಲ್ಲರೂ ಇದ್ದೂ ಒಬ್ಬಳೇ ಇರೋಳು. ಅದಕ್ಕೆ... ಯಾರೂ ನೋಡ್ತಿಲ್ಲ ಅಂದ್ಕೊಂಡಿದ್ದೆ."

"ನೋಡಿದೆ," ಅಂದ ಮಂಜೇಶ. ಅದರ ಮುಂದೆ ಇನ್ನೊಂದು ಮಾತು ಜೋಡಿಸಬೇಕು ಅಂತ ನಾಲಿಗೆ ತುರಿಸಿತು. ಅಂಗಡಿಯಲ್ಲಾದರೆ ಜೋಡಿಸಿಬಿಡುತ್ತಿದ್ದ. ಈ ಸಲ ಬಾಯಿ ಮುಚ್ಚಿಕೊಂಡು ರಾಟೆಯ ಪಕ್ಕ ಕೂತ. ಕರೆಂಟು ಬರುವ ತನಕ ಇಬ್ಬರೂ ಹಾಗೇ ಕೂತಿದ್ದರು.

ಇಷ್ಟಕ್ಕೆ ಮುಗಿಯಬೇಕಾಗಿತ್ತು. ಆದರೆ ಬೀದಿಯ ಹೆಂಗಸರು ಕೇಳಿಸಿಕೊಂಡಿದ್ದರಲ್ಲ. ಅವತ್ತೇ ಮಾರಕ್ಕ ಸೊಣ್ಣಪ್ಪನನ್ನು ಹಿಡಿದಳು. "ನಿನ್ನೆ ಮೊನ್ನೆ ಮದುವೆ ಆದ ಹುಡುಗ ಬೀದಿಗೆಲ್ಲ ಕೇಳಂಗೆ ಹೆಂಡ್ತಿ ಗುಣ ಹೇಳ್ತಾನೆ. ನಿಮ್ ಬಾಯಲ್ಲಿ ನನ್ ಬಗ್ಗೆ ಒಂದು ಮಾತು ಬಂದೈತಾ?" ಸೊಣ್ಣಪ್ಪ ಒಳ್ಳೆಯ ಮನುಷ್ಯ, ಮಗ್ಗದ ಕೆಲಸದಲ್ಲಿ ಗಟ್ಟಿ, ಮಾತಿಗೆ ಮಾತ್ರ ಬಡವ. ಮಾರನೆಯ ದಿನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಮಂಜೇಶನನ್ನು ಪಕ್ಕಕ್ಕೆ ಕರೆದ.

"ಲೇ ಮಂಜೇಶ, ನೀನು ಹಚ್ಚಿದ ಬೆಂಕಿ, ನೀನೇ ಆರಿಸು. ನಂಗೂ ಒಂದು ಮಾತು ಕೊಡು."

"ನನ್ ಹತ್ರ ಇರೋದು ಕೊಟ್ರೆ ನಿಮಗೆ ಆಗಲ್ಲ ಸೊಣ್ಣಪ್ಪಣ್ಣ. ನೀವೇ ನೋಡಿ ಹೇಳಬೇಕು."

ಸೊಣ್ಣಪ್ಪನಿಗೆ ಇವನು ಜಿಪುಣತನ ಮಾಡುತ್ತಿದ್ದಾನೆ ಅನ್ನಿಸಿತು. ಮನೆಗೆ ಹೋದವನೇ, ಊಟದ ಮುಂದೆ ಗಂಟಲು ಸರಿ ಮಾಡಿಕೊಂಡು, ಹಿಂದಿನ ದಿನ ಬೀದಿಯಲ್ಲಿ ಕೇಳಿದ್ದನ್ನೇ ಒಪ್ಪಿಸಿದ. "ನೀನು ಬಂದ್ಮೇಲೆ ನಮ್ಮಪ್ಪ ನಗ್ತಾರೆ," ಅಂದ. ಸೊಣ್ಣಪ್ಪನ ಅಪ್ಪ ಅವನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಮಾರಕ್ಕ ಗೋಡೆಯ ಮೇಲಿನ ಮಾವನ ಪಟ ನೋಡಿದಳು, ಗಂಡನನ್ನು ನೋಡಿದಳು, ಪೊರಕೆ ಹುಡುಕಿದಳು. ಸೊಣ್ಣಪ್ಪ ಅರ್ಧ ಊಟದಲ್ಲಿ ರಸ್ತೆ ದಾಟಿ ಮಂಜೇಶನ ಮನೆ ಸೇರಿದ. ಕೈಯಲ್ಲಿ ಮುದ್ದೆ ಇನ್ನೂ ಇತ್ತು.

ಶಶಿರೇಖಾ ನಗು ತಡೆಯಲು ಅಡುಗೆಮನೆಗೆ ಓಡಿದಳು. ಮಂಜೇಶ ಸೊಣ್ಣಪ್ಪನಿಗೆ ನೀರು ಕೊಟ್ಟು ಜಗುಲಿಯ ಮೇಲೆ ಕೂರಿಸಿದ.

"ಒಂದು ಕೇಳ್ತೀನಿ. ಅತ್ತಿಗೆ ನಾಲ್ಕು ದಿನ ತವರಿಗೆ ಹೋದ್ರೆ ನಿಮಗೆ ಏನು ಇಲ್ಲ ಅನ್ಸುತ್ತೆ? ಅಡುಗೆ ಬಿಡಿ. ಅಡುಗೆ ಹೋಟೆಲ್ಲಲ್ಲೂ ಸಿಗುತ್ತೆ."

ಸೊಣ್ಣಪ್ಪ ಬಹಳ ಹೊತ್ತು ಯೋಚಿಸಿದ. ಮುದ್ದೆ ಆರಿತು. "ಬಾಗಿಲು," ಅಂದ.

"ಬಾಗಿಲು?"

"ಸಾಯಂಕಾಲ ಪೇಟೆಗೆ ಹೋಗಿ ನಾನು ಬರೋ ಹೊತ್ತಿಗೆ ಬಾಗಿಲಲ್ಲಿ ನಿಂತು 'ಬಂದ್ರಾ' ಅಂತಾಳೆ. ಬೇರೆ ಏನಿಲ್ಲ. ಬಂದಿರೋದು ಕಾಣುತ್ತೆ, ಆದ್ರೂ ಕೇಳ್ತಾಳೆ. ಅವಳು ಊರಲ್ಲಿ ಇಲ್ದಿದ್ರೆ ನಾನು ಸರ್ಕಲ್ ಹತ್ರ ಅಲ್ಲಿ ಇಲ್ಲಿ ನಿಂತು ತಡ ಮಾಡ್ಕೊಂಡೇ ಬರ್ತೀನಿ. ಅವಳಿದ್ರೆ ನೆಟ್ಟಗೆ ಮನೆಗೆ ಬರ್ತೀನಿ."

"ಹೋಗಿ ಇದನ್ನೇ ಹೇಳಿ. ಹಿಂಗೇ ಹೇಳಿ. ಹೇಳಿ ಸುಮ್ನಾಗಿಬಿಡಿ, ಬಾಲ ಅಂಟಿಸಬೇಡಿ."

ಸೊಣ್ಣಪ್ಪ ರಸ್ತೆ ದಾಟಿದ. ಮಂಜೇಶ, ಶಶಿರೇಖಾ, ಭಾಗ್ಯಮ್ಮ ಮೂವರೂ ಕಿಟಕಿಗೆ ಅಂಟಿಕೊಂಡರು. ಎದುರು ಮನೆಯಿಂದ ಸೊಣ್ಣಪ್ಪನ ದನಿ ತೊದಲುತ್ತಾ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಪೊರಕೆಯ ಸದ್ದೂ ಇಲ್ಲ. ಬಹಳ ಹೊತ್ತಿನ ಮೇಲೆ ಮಾರಕ್ಕ, "ಅನ್ನ ಹಾಕ್ಲಾ?" ಅಂದದ್ದು ಕೇಳಿಸಿತು. ಆ ದನಿಯನ್ನು ಆ ಬೀದಿಯಲ್ಲಿ ಯಾರೂ ಮುಂಚೆ ಕೇಳಿರಲಿಲ್ಲ.

"ಗೆದ್ರು," ಅಂದರು ಭಾಗ್ಯಮ್ಮ.

ಮಂಜೇಶ ಈಗ ಪೂರ್ತಿ ಕಲಿತುಬಿಟ್ಟೆ ಅಂದುಕೊಂಡ. ಮುಖ, ಮೂಗು, ಸೀರೆ, ಹೂ ಇವುಗಳ ಸುದ್ದಿಯೇ ಎತ್ತುವುದಿಲ್ಲ ಅಂತ ಶಪಥ ಮಾಡಿದವನ ಹಾಗೆ ಇದ್ದ. ಕಾರ್ತಿಕದಲ್ಲಿ ತ್ಯಾಮಗೊಂಡ್ಲುವಿನಲ್ಲಿ ಶಶಿರೇಖಾಳ ಚಿಕ್ಕಪ್ಪನ ಮಗಳ ಮದುವೆ ಬಂತು. ಬೆಳಿಗ್ಗೆ ಅವಳು ಕೋಣೆ ಸೇರಿದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಸಾಸಿವೆ ಹಳದಿ ಸೀರೆಗೆ ನೇರಳೆ ರವಿಕೆ ತೊಟ್ಟಿದ್ದಳು. ಜಡೆಯಲ್ಲಿ ಕನಕಾಂಬರ. ಹಳೆಯ ಮಾತುಗಳೆಲ್ಲ ಮಂಜೇಶನ ನಾಲಿಗೆಯ ತುದಿಗೆ ಬಂದವು. ಆದರೂ ಶಪಥ ನೆನಪಾಗಿ, "ನಿನ್ನ ತಾಳ್ಮೆ ನಂಗೆ ಬಹಳ ಇಷ್ಟ" ಅಂದ.

ಶಶಿರೇಖಾ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಯಾವ ತಾಳ್ಮೆ?"

"ಅದೇ... ಎಲ್ಲದರಲ್ಲೂ."

"ಬೆಳಗಿಂದ ಅಲಂಕಾರ ಮಾಡ್ಕೊಂಡು ಬಂದಿದೀನಿ, ತಾಳ್ಮೆ ಅಂತಾರೆ. ಮುಖ ಬಿಟ್ಟು ಬೇರೇದೂ ನೋಡಿ ಅಂದೆ. ಮುಖಾನೇ ನೋಡಬೇಡಿ ಅಂತ ಯಾವಾಗ ಅಂದೆ?"

ಮಂಜೇಶ ನಿಜವಾಗಿ ನೋಡಿದ. ಕಣ್ಣು ಕಿರಿದು ಮಾಡಲಿಲ್ಲ. "ಸಾಸಿವೆ ಜೊತೆ ನೇರಳೆ," ಅಂದ ನಿಧಾನವಾಗಿ. "ನಾನು ಇಷ್ಟು ವರ್ಷ ಸೀರೆ ಮಾರಿದೀನಿ, ಈ ಎರಡನ್ನ ಒಟ್ಟಿಗೆ ಯಾರಿಗೂ ತೋರಿಸಿಲ್ಲ. ಧೈರ್ಯ ಆಗಿಲ್ಲ. ನೀನು ಉಟ್ಟೆ. ಮದುವೆ ಮನೇಲಿ ನಿನ್ ಪಕ್ಕ ನಿಂತ್ಕೋಬೇಕು ಅಂತ ಈಗ್ಲೇ ಆಸೆ ಆಗ್ತೈತೆ."

ಶಶಿರೇಖಾ ತಲೆ ಬಗ್ಗಿಸಿ ಅವನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಅದು ಆಗಲೇ ಹಾಕಿತ್ತು. ಬಿಚ್ಚಿ ಮತ್ತೆ ಹಾಕಿದಳು.

ಮದುವೆ ಮುಗಿಸಿ ವಾಪಸ್ಸು ಬರುವಾಗ ನೆಲಮಂಗಲದಲ್ಲಿ ಬಸ್ ಬದಲಿಸಬೇಕಾಗಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ. ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಇಬ್ಬರೂ ಹುರಿದ ಕಡಲೆಕಾಯಿ ಕೊಂಡು ಬೇವಿನ ಮರದ ನೆರಳಿನಲ್ಲಿ ನಿಂತರು. ಬಸ್ಸು ಬರುವ ಸೂಚನೆಯಿರಲಿಲ್ಲ.

"ನಿಮಗೆ ಒಂದು ಹೇಳಬೇಕು," ಅಂದಳು ಶಶಿರೇಖಾ, ಕಡಲೆಕಾಯಿ ಬಿಡಿಸುತ್ತಾ. "ತಪ್ಪು ಅಂತ ತೋರಿಸಿದ್ರೆ ನೀವು ನಗ್ತೀರಾ. ನಮ್ಮಪ್ಪನಿಗೆ ಯಾರಾದ್ರೂ ತಪ್ಪು ತೋರಿಸಿದ್ರೆ ತಟ್ಟೆ ಹಾರೋದು. ಮದುವೆಗೆ ಮುಂಚೆ ನಾನು ಮಾತಾಡೋ ಮೊದಲು ಎದುರಿಗಿರೋರ ಮುಖ ನೋಡ್ತಿದ್ದೆ, ಹೇಳಬಹುದಾ ಬೇಡ್ವಾ ಅಂತ. ಈಗ ನೋಡಲ್ಲ. ತಲೆಗೆ ಬಂದಿದ್ದು ಬಾಯಿಗೆ ಬಂದ್ಬಿಡುತ್ತೆ. ನಾನು ಇಷ್ಟು ತರಲೆ ಅಂತ ನಂಗೇ ಗೊತ್ತಿರಲಿಲ್ಲ. ಅದು ನಿಮ್ಮಿಂದ ಗೊತ್ತಾಯ್ತು."

ಮಂಜೇಶನಿಗೆ ಮೈಯೆಲ್ಲ ಬಿಸಿಯಾಯಿತು. ಊರಿನವರನ್ನೆಲ್ಲ ಹೊಗಳಿದವನನ್ನು ಯಾರೂ ಹೀಗೆ ಹೊಗಳಿರಲಿಲ್ಲ. "ಅಯ್ಯೋ, ಅದೇನು ಮಹಾ," ಅಂದ. "ಎಲ್ಲರೂ ಹಂಗೇ ಇರ್ತಾರೆ ಬಿಡು."

"ಎಲ್ಲರೂ ಹಂಗಿಲ್ಲ. ಕಷ್ಟಪಟ್ಟು ಹುಡುಕಿ ಕೊಟ್ಟಿದ್ದನ್ನ ಚರಂಡಿಗೆ ಎಸೀತೀರಲ್ಲ. ಇಸ್ಕೊಳ್ಳಿ."

ಅವನು ಇಸ್ಕೊಳ್ಳಲು ನೋಡಿದ. ಕೊಡುವುದಕ್ಕಿಂತ ಅದು ಕಷ್ಟವಾಗಿತ್ತು. ಕಡಲೆಕಾಯಿ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಲಾರಿ ನೋಡಿದ. ಮರ ನೋಡಿದ. ಕೊನೆಗೆ ಅವಳ ಮುಖ ನೋಡಿ, "ಕೇಳಿ ಬಹಳ ಸಂತೋಷ ಆಯ್ತು ಕಣೇ," ಅಂದ. ಅಷ್ಟು ಹೇಳುವುದರೊಳಗೆ ದನಿ ಒಡೆದು, ಕೀರಲಾಗಿ, ಹದಿನಾಲ್ಕು ವರ್ಷದ ಹುಡುಗನ ದನಿಯ ಹಾಗೆ ಬಂತು.

ಶಶಿರೇಖಾ ನಗತೊಡಗಿದಳು. ಅವನೂ ಶುರು ಮಾಡಿದ. ಬಸ್ಸು ಬಂದು ನಿಂತರೂ ನಗು ನಿಲ್ಲಲಿಲ್ಲ. ಹತ್ತಿ ಕೂತ ಮೇಲೆ ಕಂಡಕ್ಟರು ಬಂದು, "ಎಲ್ಲಿಗೆ?" ಅಂತ ಕೇಳಿದ. ಮಂಜೇಶ ಬಾಯಿ ತೆರೆದರೆ ನಗು, ಶಶಿರೇಖಾ ಬಾಯಿ ತೆರೆದರೆ ನಗು. ಕಂಡಕ್ಟರು ಇಬ್ಬರನ್ನೂ ಒಮ್ಮೆ ನೋಡಿ, ಮದುವೆ ಮನೆಯ ಬಟ್ಟೆಯನ್ನೂ ನೋಡಿ, "ಆಗಲಿ, ಸುಧಾರಿಸ್ಕೊಂಡು ಹೇಳಿ" ಅಂದು ಮುಂದಿನ ಸೀಟಿಗೆ ಹೋದ.